ಬೇರೆ ಭಾಷೆಯ ಸಿನಿಮಾ: ಗೊತ್ತಿರುವ ಕಥೆಯಿಂದ ಶುರು ಮಾಡಿ

ಪ್ರಶ್ನೆ: ನಾನು ಹಾಸನದವನು. ಮಲಯಾಳಂ, ಮರಾಠಿ ಬರಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದ್ತಾ ಕೂತರೆ ಸಿನಿಮಾನೇ ತಪ್ಪಿಹೋಗುತ್ತೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕನ್ನಡದಲ್ಲಿ ಆಗಲೇ ನೋಡಿರುವ ಕಥೆಯ ಮೂಲ ಸಿನಿಮಾ ಹಾಕಿ. ರವಿಚಂದ್ರನ್ ಅವರ ‘ದೃಶ್ಯ’ ನೋಡಿದ್ದೀರಲ್ವಾ? ಅದರ ಮೂಲ ಮಲಯಾಳಂನ ‘ದೃಶ್ಯಂ’ (2013). ಮುಂದೇನಾಗುತ್ತೆ ಅಂತ ಗೊತ್ತಿರುವುದರಿಂದ ಪ್ರತಿ ಸಾಲನ್ನೂ ಓದಲೇಬೇಕಿಲ್ಲ. ಸಾಲಿನ ಮೇಲೆ ಕಣ್ಣಾಡಿಸಿ, ಮತ್ತೆ ಮೋಹನ್‌ಲಾಲ್ ಮುಖ ನೋಡಬಹುದು. ಈ ಅಭ್ಯಾಸವೇ ಮುಖ್ಯ.

ಥ್ರಿಲ್ಲರ್‌ಗಿಂತ ಪ್ರೇಮಕಥೆ ಇಷ್ಟವಾದರೆ ಮರಾಠಿಯ ‘ಸೈರಾಟ್’ (2016) ನೋಡಿ. ಕನ್ನಡದ ‘ಮನಸು ಮಲ್ಲಿಗೆ’ ಇದರದೇ ರೀಮೇಕ್, ಎರಡರಲ್ಲೂ ನಾಯಕಿ ರಿಂಕು ರಾಜಗುರು.

ಕಣ್ಣು ಪಳಗಿದ ಮೇಲೆ ಗೊತ್ತಿಲ್ಲದ ಕಥೆಗೆ ಬನ್ನಿ. ನನ್ನ ಆಯ್ಕೆ ಮಲಯಾಳಂನ ‘ಮಹೇಷಿಂಟೆ ಪ್ರತಿಕಾರಂ’ (2016). ಇಡುಕ್ಕಿಯ ಬೆಟ್ಟದೂರು, ಫೋಟೋ ಸ್ಟುಡಿಯೋ, ಒಂದು ಬೀದಿ ಜಗಳ. ಸಕಲೇಶಪುರದ ಕಡೆಯವರಿಗೆ ಆ ಊರು ಹೊಸದು ಅನ್ನಿಸಲ್ಲ.

ಶುರುವಿನಲ್ಲೇ ಆಡಿಯೋ ಮೂಲ ಭಾಷೆಯಲ್ಲಿದೆಯಾ ನೋಡಿ. ಕೆಲವೊಮ್ಮೆ ಡಬ್ ಆದ ದನಿ ತಾನಾಗಿ ಬರುತ್ತೆ. ಆಗ ಮಾತೇ ಒಂದು, ಬರಹವೇ ಒಂದು ಆಗಿ ಸುಮ್ನೆ ತಲೆ ಕೆಡುತ್ತೆ. ಊರಿನ ಆಡುಮಾತಿನ ಸೊಗಡು ಸಬ್‌ಟೈಟಲ್‌ನಲ್ಲಿ ಜಾಸ್ತಿ ಉಳಿಯಲ್ಲ, ಅದನ್ನು ದನಿಯ ಏರಿಳಿತದಲ್ಲೇ ಹಿಡಿಯಬೇಕು.