ಅನಿಮಲ್ ಫಾರ್ಮ್: ಲೆನಿನ್ ಯಾವ ಹಂದಿ?

"ರಾಯಚೂರಿನ ನಮ್ಮ ಸಾಲ್ಯಾಗ ಒಂಬತ್ತನೇ ಕ್ಲಾಸಿಗೆ 'ಅನಿಮಲ್ ಫಾರ್ಮ್' ಓದಸ್ತೀನಿ. ಹಂದಿಗಳೊಳಗ ಲೆನಿನ್ ಯಾವುದು? ಪಟ್ಟಿ ಹೊಂದವಲ್ದು."

ಜಾರ್ಜ್ ಆರ್ವೆಲ್‌ರ ಈ ಕಾದಂಬರಿ ರಷ್ಯಾದ ಕ್ರಾಂತಿಯನ್ನೇ ಪ್ರಾಣಿಗಳ ಕತೆಯಾಗಿ ಹೇಳುತ್ತದೆ. ನೀವು ಒಂದು ಪ್ರಾಣಿಗೆ ಒಬ್ಬನೇ ಮನುಷ್ಯ ಅಂತ ಹುಡುಕ್ತಿರಬೇಕು, ಅಲ್ಲೇ ಸಿಕ್ಕು. ಲೆನಿನ್‌ಗೆ ಅಂತ ಬೇರೆ ಹಂದಿ ಇಲ್ಲ.

ಮೊದಲು ಸುಲಭದವನ್ನು ಬರೆಸಿ: ನೆಪೋಲಿಯನ್ ಎಂಬ ಹಂದಿ ಸ್ಟಾಲಿನ್, ಸ್ನೋಬಾಲ್ ಎಂಬ ಹಂದಿ ಅವನ ಎದುರಾಳಿ ಟ್ರಾಟ್‌ಸ್ಕಿ. ನಾಯಿಗಳು ಸ್ನೋಬಾಲ್‌ನನ್ನು ಅಟ್ಟುವುದು 1929ರಲ್ಲಿ ಟ್ರಾಟ್‌ಸ್ಕಿಯನ್ನು ದೇಶದಿಂದ ಹೊರಹಾಕಿದ್ದನ್ನು ನೆನಪಿಸುತ್ತದೆ. ಆ ನಾಯಿಗಳೇ ಗುಪ್ತ ಪೊಲೀಸರು.

ಆಮೇಲೆ ಮುದಿ ಹಂದಿ ಓಲ್ಡ್ ಮೇಜರ್. ಕೊಟ್ಟಿಗೆಯ ಭಾಷಣದಲ್ಲಿ ಅವನು ಮಾರ್ಕ್ಸ್. ಕ್ರಾಂತಿ ನೋಡುವ ಮೊದಲೇ ಸಾಯುತ್ತಾನೆ. ಆದರೆ ಮುಂದೆ ಅವನ ತಲೆಬುರುಡೆಯನ್ನು ಅಗೆದು ತೆಗೆದು ಧ್ವಜಸ್ತಂಭದ ಬುಡದ ಕೊರಡಿನ ಮೇಲಿಡುತ್ತಾರೆ, ಪ್ರಾಣಿಗಳು ಸಾಲಾಗಿ ಗೌರವದಿಂದ ಹಾದುಹೋಗಬೇಕು. ಮಾಸ್ಕೋದ ಕೆಂಪು ಚೌಕದಲ್ಲಿ ಕಾಪಿಟ್ಟ ಲೆನಿನ್ ದೇಹವೇ ಅದು. ಹಾಗಾಗಿ ಇಬ್ಬರ ಹೆಸರನ್ನೂ ಬರೆಸಿ. ಎಷ್ಟು ಪಾಲು ಯಾರದು ಅನ್ನುವುದರಲ್ಲಿ ವಿಮರ್ಶಕರಿಗೇ ಒಮ್ಮತವಿಲ್ಲ.

ಬಾಕ್ಸರ್ ಕುದುರೆಗೆ ಹೆಸರು ಹುಡುಕಬೇಡಿ, ಅವನು ದುಡಿಯುವ ವರ್ಗ. ಗಂಜ್‌ನಲ್ಲಿ ಮೂಟೆ ಹೊರುವ ಹಮಾಲರನ್ನು ತೋರಿಸಿದರೆ ಹುಡುಗರಿಗೆ ತಟ್ಟನೆ ಹೊಳೆಯುತ್ತದೆ. ಕತ್ತೆ ಬೆಂಜಮಿನ್‌ನ ಮುಂದೆ ಮಾತ್ರ ಜಾಗ ಖಾಲಿ ಬಿಡಿ, ಅವರವರೇ ವಾದಿಸಲಿ.