ಕ್ಲಿಕ್ ಮಾಡ್ತಾರೆ, ಅರ್ಧ ನಿಮಿಷಕ್ಕೆ ಎದ್ದು ಹೋಗ್ತಾರೆ: ಮುಂದಿನ ಸ್ಕ್ರಿಪ್ಟ್‌ನಲ್ಲಿ ಏನು ಬದಲಾಯಿಸಲಿ?

ಪ್ರಶ್ನೆ: ಹಾಸನದಿಂದ ಯೂಟ್ಯೂಬಲ್ಲಿ ಒಂದು ಅಡುಗೆ ಚಾನೆಲ್ ನಡೆಸ್ತಿದ್ದೀನಿ. ಒಂದೊಂದು ವಿಡಿಯೋಗೆ 150–200 ವ್ಯೂಸ್ ಬರುತ್ತೆ. ಕ್ಲಿಕ್ ದರ 6% ಇದೆ, ಆದ್ರೆ 30 ಸೆಕೆಂಡಿಗೆ 41% ಜನ ಮಾತ್ರ ಉಳೀತಾರೆ. ಸರಾಸರಿ ನೋಡಿರೋದು ವಿಡಿಯೋದ 28%. ಈ ಮೂರು ನಂಬರ್ ನೋಡಿ ಮುಂದಿನ ಸ್ಕ್ರಿಪ್ಟ್‌ನಲ್ಲಿ ಏನು ಬದಲಾಯಿಸಬೇಕು ಅಂತ ಗೊತ್ತಾಗ್ತಿಲ್ಲ.

ಉತ್ತರ:

ನಾನು ಚಿಕ್ಕಮಗಳೂರು ಕಡೆಯವನು. ತೋಟದ ಕೆಲಸದ ಬಗ್ಗೆ ಒಂದು ಸಣ್ಣ ಚಾನೆಲ್ ಇದೆ. ನಿಮ್ಮ ಹಾಗೇ ನಾನೂ ಮೊದಲು ಮೂರು ನಂಬರನ್ನೂ ಒಟ್ಟಿಗೆ ನೋಡಿ ತಲೆ ಕೆಡಿಸಿಕೊಳ್ಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಒಂದೊಂದು ನಂಬರ್ ಸ್ಕ್ರಿಪ್ಟಿನ ಒಂದೊಂದು ಜಾಗದ ಕಥೆ ಹೇಳುತ್ತದೆ. ಕ್ಲಿಕ್ ದರ ಹೇಳುವುದು ಶೀರ್ಷಿಕೆ ಮತ್ತು ಥಂಬ್‌ನೇಲ್ ಕೊಟ್ಟ ಮಾತಿನ ಬಗ್ಗೆ. 30 ಸೆಕೆಂಡಿನ ನಂಬರ್ ಹೇಳುವುದು ಆ ಮಾತನ್ನು ನೀವು ಉಳಿಸಿಕೊಳ್ಳುವ ಹಾಗೆ ಕಂಡಿತಾ ಅಂತ. ಸರಾಸರಿ ಹೇಳುವುದು ಉಳಿದ ವಿಡಿಯೋ ಬಗ್ಗೆ. ಕ್ಲಿಕ್ ಚೆನ್ನಾಗಿದ್ದು ಮೊದಲ ಅರ್ಧ ನಿಮಿಷ ಬಿದ್ದಿದ್ದರೆ ಮುಕ್ಕಾಲು ಪಾಲು ಸಲ ಒಂದೇ ಕಾರಣ: ಶೀರ್ಷಿಕೆ ಹೇಳಿದ್ದು ಒಂದು, ಬಾಯಿ ಶುರು ಮಾಡಿದ್ದು ಇನ್ನೊಂದು.

ಇದು ನನಗೆ ಅರ್ಥವಾಗಿದ್ದು ಒಂದು ಬೋರ್ಡೋ ದ್ರಾವಣದ ವಿಡಿಯೋದಿಂದ. ರೋಗ ಬರದ ಹಾಗೆ ಮಳೆಗಾಲಕ್ಕೆ ಮುಂಚೆ ಅಡಿಕೆಗೆ, ಮೆಣಸಿಗೆ ಹೊಡೆಯುತ್ತೇವಲ್ಲ, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಔಷಧಿ, ಅದೇ. ಶೀರ್ಷಿಕೆ ‘ಬೋರ್ಡೋ ದ್ರಾವಣ: ಸರಿಯಾದ ಅಳತೆ ಮತ್ತು ಎಲ್ಲರೂ ಮಾಡುವ ತಪ್ಪು’. ಉದ್ದ 9 ನಿಮಿಷ 20 ಸೆಕೆಂಡ್. ಮೊದಲ ವಾರ 22,500 ಇಂಪ್ರೆಷನ್, ಅಂದರೆ ಅಷ್ಟು ಸಲ ಥಂಬ್‌ನೇಲ್ ಜನರ ಕಣ್ಣಿಗೆ ಬಿತ್ತು. ಕ್ಲಿಕ್ ದರ 7.1%. ವಾಟ್ಸಾಪ್ ಗ್ರೂಪುಗಳಿಂದ ಬಂದವರೂ ಸೇರಿ ಒಟ್ಟು 1,900 ವ್ಯೂಸ್. (ವಾಟ್ಸಾಪಿನ ಲಿಂಕ್ ಒತ್ತಿ ಬಂದವರು ಕ್ಲಿಕ್ ದರದ ಲೆಕ್ಕಕ್ಕೆ ಬರುವುದಿಲ್ಲ. ಯೂಟ್ಯೂಬ್ ಒಳಗೆ ಥಂಬ್‌ನೇಲ್ ಕಂಡವರದ್ದು ಮಾತ್ರ ಆ ಲೆಕ್ಕ.) ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳ ಕ್ಲಿಕ್ ದರ 2%ರಿಂದ 10%ರ ಒಳಗೆ ಇರುತ್ತದೆ ಅಂತ ಯೂಟ್ಯೂಬೇ ಹೇಳುತ್ತದೆ. ಹಾಗಾಗಿ 7.1 ನೋಡಿ ನಾನು ಖುಷಿಯಾಗಿದ್ದೆ. 30 ಸೆಕೆಂಡಿಗೆ ಮಾತ್ರ 46% ಉಳಿದಿದ್ದರು. ಸರಾಸರಿ 30%, ಅಂದರೆ 2 ನಿಮಿಷ 50 ಸೆಕೆಂಡ್.

ನಾನು ಮಾಡಿದ್ದು ಇಷ್ಟೇ. ಸ್ಕ್ರಿಪ್ಟನ್ನು ಹಾಳೆಗೆ ಇಳಿಸಿ, ಪ್ರತಿ ಸಾಲಿನ ಪಕ್ಕ ಅದು ವಿಡಿಯೋದಲ್ಲಿ ಬರುವ ಸಮಯ ಬರೆದೆ. ಯಾವ ಸೆಕೆಂಡಿಗೆ ಎಷ್ಟು ಜನ ಉಳಿದಿದ್ದರು ಅಂತ ತೋರಿಸುವ ರಿಟೆನ್ಷನ್ ಗೆರೆಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಎಲ್ಲಿ ಗೆರೆ ಜಾರಿದೆಯೋ ಅಲ್ಲಿ ಕೆಂಪು ಪೆನ್ನಿನಲ್ಲಿ ಗೀಟು ಹಾಕಿದೆ. ಒಂದು ವಿಷಯ ನೆನಪಿರಲಿ: ಜನ ಒಂದು ಮಾತು ಕೇಳಿ, ಬೇಜಾರಾಗಿ, ಬೆರಳು ಎತ್ತುವ ಹೊತ್ತಿಗೆ ಎರಡು ಮೂರು ಸೆಕೆಂಡ್ ಆಗಿರುತ್ತದೆ. ಗೆರೆ ಬಿದ್ದ ಜಾಗದ ಸಾಲನ್ನಲ್ಲ, ಅದಕ್ಕಿಂತ ಮುಂಚಿನ ಸಾಲನ್ನು ನೋಡಬೇಕು.

ನನ್ನ ಮೊದಲ ಅರ್ಧ ನಿಮಿಷದಲ್ಲಿ ಇದ್ದದ್ದು ನಮಸ್ಕಾರ, ಚಾನೆಲ್ ಲೋಗೋ ಮ್ಯೂಸಿಕ್ ಸಮೇತ, ಸಬ್‌ಸ್ಕ್ರೈಬ್ ಮಾಡಿ ಅನ್ನುವ ಮಾತು, ಆಮೇಲೆ ‘ಈ ವರ್ಷ ಮಳೆ ಬೇಗ ಶುರುವಾಗಿದೆ’ ಅನ್ನುವ ಪೀಠಿಕೆ. ಅಳತೆ ಬರುವುದು 1:50ಕ್ಕೆ. ‘ಎಲ್ಲರೂ ಮಾಡುವ ತಪ್ಪು’ ಬರುವುದು 6:10ಕ್ಕೆ! ಶೀರ್ಷಿಕೆ ನೋಡಿ ಬಂದವನು ಆರು ನಿಮಿಷ ಕಾಯಬೇಕಿತ್ತು. ನಾನೇ ಆದರೂ ಕಾಯುತ್ತಿರಲಿಲ್ಲ.

ಮಧ್ಯದಲ್ಲಿ ಇನ್ನೊಂದು ಗುಂಡಿ ಇತ್ತು. ಮೂರನೇ ನಿಮಿಷಕ್ಕೆ 33% ಜನ ಇದ್ದರು, 3:45ಕ್ಕೆ 25%. ಅಲ್ಲಿ ಏನಿದೆ ಅಂತ ನೋಡಿದರೆ ಬೋರ್ಡೋ ಅನ್ನುವ ಹೆಸರಿನ ಇತಿಹಾಸ. ಫ್ರಾನ್ಸಿನ ದ್ರಾಕ್ಷಿ ತೋಟ, ಮಿಲಾರ್ಡೆ ಅನ್ನುವ ವಿಜ್ಞಾನಿ, 1885. ನನಗೆ ಆ ಭಾಗ ತುಂಬಾ ಇಷ್ಟ, ಎರಡು ಸಂಜೆ ಓದಿ ಬರೆದಿದ್ದೆ. ಔಷಧಿ ಕಲಸೋಕೆ ಡ್ರಮ್ಮಿನ ಮುಂದೆ ನಿಂತಿರುವ ಮನುಷ್ಯನಿಗೆ ಅದು ಬೇಡ, ಅಷ್ಟೇ.

ಆದರೆ 6:10ರಲ್ಲಿ ಗೆರೆ ಸ್ವಲ್ಪ ಮೇಲೆದ್ದಿತ್ತು. ಬಿದ್ದ ಗೆರೆ ಮತ್ತೆ ಏರುವುದು ಅಂದರೆ ಜನ ಹಿಂದೆ ಹೋಗಿ ಮತ್ತೆ ನೋಡಿದ್ದಾರೆ, ಇಲ್ಲವೇ ಬೇರೆಲ್ಲಾ ಬಿಟ್ಟು ನೇರ ಅಲ್ಲಿಗೇ ಎಳೆದುಕೊಂಡು ಬಂದಿದ್ದಾರೆ. ಅಲ್ಲಿ ನಾನು ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿ ತೋರಿಸಿದ್ದೆ. ಮೊಳೆಗೆ ಕೆಂಪು ಬಣ್ಣ ಹತ್ತಿದರೆ ತಾಮ್ರ ಜಾಸ್ತಿ ಉಳಿದಿದೆ, ಹಾಗೇ ಹೊಡೆದರೆ ಎಲೆ ಸುಡುತ್ತದೆ, ಇನ್ನೂ ಸುಣ್ಣದ ನೀರು ಬೇಕು ಅಂತ ಅರ್ಥ. ಕೆಳಗೆ ಬಿದ್ದ ಜಾಗಕ್ಕಿಂತ ಈ ಏರಿದ ಜಾಗವೇ ಮುಂದಿನ ಸ್ಕ್ರಿಪ್ಟಿಗೆ ಜಾಸ್ತಿ ಉಪಯೋಗಕ್ಕೆ ಬಂತು.

ಬದಲಾಯಿಸುವ ಮುಂಚೆ ಇನ್ನೊಂದು ನೋಡಿದೆ: ಯಾರು ಎಲ್ಲಿಂದ ಬಂದವರು ಅಂತ. ಯೂಟ್ಯೂಬ್ ಸ್ಟುಡಿಯೋದಲ್ಲಿ `Traffic source` ಪಟ್ಟಿ ತೆರೆದರೆ ಒಂದೊಂದು ದಾರಿಯಿಂದ ಬಂದವರು ಸರಾಸರಿ ಎಷ್ಟು ಹೊತ್ತು ನೋಡಿದರು ಅಂತ ಸಿಗುತ್ತದೆ. ಹುಡುಕಿಕೊಂಡು ಬಂದವರು 3:50 ನೋಡಿದ್ದರು. ಹೋಮ್ ಪುಟದಲ್ಲಿ ಕಂಡು ಒತ್ತಿದವರು 2:05. ವಾಟ್ಸಾಪಿನಿಂದ ಬಂದವರು ಒಂದೂವರೆ ನಿಮಿಷ. ಹುಡುಕಿ ಬಂದವನಿಗೆ ಅವತ್ತೇ ಕೆಲಸ ಇದೆ, ನನ್ನ ನಮಸ್ಕಾರ ಲೋಗೋ ಎಲ್ಲಾ ಸಹಿಸಿಕೊಳ್ಳುತ್ತಾನೆ. ಹೋಮ್ ಪುಟದವನು ಸುಮ್ನೆ ಬಂದವನು, ಅವನಿಗೆ ಆ ತಾಳ್ಮೆ ಇಲ್ಲ. ಅಂದರೆ ವಿಷಯ ಸರಿಯಿದೆ, ಶುರು ಮಾಡಿದ ರೀತಿ ಸರಿಯಿಲ್ಲ. ಮೂರೂ ದಾರಿಯವರು ಒಂದೇ ಥರ ಬೇಗ ಹೋಗಿದ್ದರೆ ನಾನು ವಿಷಯವನ್ನೇ ಅನುಮಾನಿಸುತ್ತಿದ್ದೆ.

ಮುಂದಿನ ವಿಡಿಯೋ ಕಾಳುಮೆಣಸಿಗೆ ಬೋರ್ಡೋ ಹೊಡೆಯುವುದರ ಬಗ್ಗೆ. ಮೊದಲ ಶಾಟೇ ಕೆಂಪು ಹತ್ತಿದ ಮೊಳೆ. ಮೊದಲ ಮಾತು: ‘ಈ ಮೊಳೆ ನೋಡಿ. ಈ ಡ್ರಮ್ಮಿನ ಔಷಧಿ ಹೀಗೇ ಹೊಡೆದರೆ ನಿಮ್ಮ ಬಳ್ಳಿಯ ಎಲೆ ಸುಡುತ್ತೆ.’ ಹದಿನೈದನೇ ಸೆಕೆಂಡಿಗೆ ಅಳತೆ: ಒಂದು ಕೆಜಿ ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಿಗೆ. ಆಮೇಲೆ ‘ಯಾವುದನ್ನು ಯಾವುದಕ್ಕೆ ಸುರಿಯಬೇಕು ಅನ್ನೋದರಲ್ಲೇ ತಪ್ಪಾಗೋದು’ ಅಂತ ಹೇಳಿ ಕೆಲಸಕ್ಕೆ ಇಳಿದೆ. ಅಳತೆ ಮೊದಲೇ ಹೇಳಿಬಿಟ್ಟರೆ ಎದ್ದು ಹೋಗಲ್ವಾ ಅಂತ ನನಗೂ ಭಯ ಇತ್ತು. ಕೆಲವರು ಹೋದರು. ಅವರು ಹೇಗಿದ್ದರೂ ಹೋಗುವವರೇ. ಉಳಿದವರಿಗೆ ಮೊಳೆ ಯಾಕೆ ಕೆಂಪಾಯಿತು ಅನ್ನುವುದು ಇನ್ನೂ ಬಾಕಿ ಇತ್ತು. ನಮಸ್ಕಾರವನ್ನು ಒಂದೇ ಪದಕ್ಕೆ ಇಳಿಸಿದೆ, ಲೋಗೋ ತೆಗೆದೆ, ಫ್ರಾನ್ಸಿನ ದ್ರಾಕ್ಷಿಗೂ ಕೈ ಮುಗಿದೆ. ಉದ್ದ 6:10ಕ್ಕೆ ಬಂತು.

30 ಸೆಕೆಂಡಿಗೆ 63% ಉಳಿದರು. ಸರಾಸರಿ 43%. ಇಲ್ಲಿ ನಾನು ಮೋಸ ಹೋಗುತ್ತಿದ್ದೆ. 6:10ರಲ್ಲಿ 43% ಅಂದರೆ 2 ನಿಮಿಷ 39 ಸೆಕೆಂಡ್, ಹಳೇ ವಿಡಿಯೋದ 2:50ಕ್ಕಿಂತ ಕಡಿಮೆ! ಶೇಕಡಾ ಏರಿತು, ನೋಡಿದ ಹೊತ್ತು ಇಳಿಯಿತು. ಹಾಗಾದರೆ ಹೊಸದು ಚೆನ್ನಾಗಿದೆಯೋ ಇಲ್ಲವೋ? ಉದ್ದ ಬೇರೆ ಬೇರೆ ಇರುವ ಎರಡು ವಿಡಿಯೋಗೆ ಸರಾಸರಿ ಶೇಕಡಾ ಹೋಲಿಸಿದರೂ ತಪ್ಪು, ಬರೀ ನಿಮಿಷ ಹೋಲಿಸಿದರೂ ತಪ್ಪು. ಎರಡೂ ಗೆರೆಯಲ್ಲಿ ಒಂದೇ ನಿಮಿಷ ಹಿಡಿದು ನೋಡಬೇಕು. ಮೂರನೇ ನಿಮಿಷಕ್ಕೆ ಹಳೆಯದರಲ್ಲಿ 33% ಇದ್ದರು, ಹೊಸದರಲ್ಲಿ 41%. ಹೊತ್ತು ಇಳಿದದ್ದು ವಿಡಿಯೋ ಬೇಗ ಮುಗಿದದ್ದಕ್ಕೆ, ಜನ ಬೇಗ ಹೋದದ್ದಕ್ಕಲ್ಲ.

ಇನ್ನೊಂದು ಗಾಬರಿ ಕ್ಲಿಕ್ ದರದ್ದು. ಹೊಸ ವಿಡಿಯೋದ ಕ್ಲಿಕ್ ದರ 4.8%ಕ್ಕೆ ಬಿತ್ತು. ಶೀರ್ಷಿಕೆ ಬದಲಾಯಿಸೋಣ ಅಂತ ಹೊರಟಿದ್ದೆ, ಆಮೇಲೆ ಇಂಪ್ರೆಷನ್ ನೋಡಿದೆ: 51,000. ಹುಡುಕಾಟದಲ್ಲಿನ ಕ್ಲಿಕ್ ದರ ಮೊದಲು 9.2 ಇದ್ದದ್ದು ಈಗ 9.0, ಹೆಚ್ಚು ಕಡಿಮೆ ಅಷ್ಟೇ. ಬಿದ್ದದ್ದು ಹೋಮ್ ಪುಟದಲ್ಲಿ ಮಾತ್ರ, ಯಾಕೆಂದರೆ ಈ ಸಲ ತೋಟವೇ ಇಲ್ಲದವರಿಗೂ ಅದು ಕಾಣಿಸಿಕೊಂಡಿತ್ತು. ಜಾಸ್ತಿ ಜನರ ಮುಂದೆ ಹೋದಾಗ ಕ್ಲಿಕ್ ದರ ಇಳಿಯುವುದು ಸಹಜ. ಇಂಪ್ರೆಷನ್ ಅಷ್ಟೇ ಇದ್ದು ದರ ಇಳಿದಿದ್ದರೆ ಮಾತ್ರ ಶೀರ್ಷಿಕೆ ಮುಟ್ಟುತ್ತಿದ್ದೆ.

ಈಗ ನಿಮ್ಮ ವಿಷಯ. 6% ಕ್ಲಿಕ್ ಇದೆ, ಶೀರ್ಷಿಕೆ ಸದ್ಯ ಮುಟ್ಟಬೇಡಿ. 41% ನಿಮ್ಮ ತೊಂದರೆ. ಆದರೆ 150 ವ್ಯೂಸಿನಲ್ಲಿ ಮೂರು ಜನ ಎದ್ದು ಹೋದರೆ ಗೆರೆ ಎರಡು ಪಾಯಿಂಟ್ ಇಳಿಯುತ್ತದೆ. ಮನೆಗೆ ನೆಂಟರು ಬಂದು ಮೂರು ಜನ ಫೋನ್ ಕೆಳಗಿಟ್ಟರೂ ಅಷ್ಟೇ ಆಗುತ್ತದೆ. ಹಾಗಾಗಿ ಒಂದೇ ವಿಡಿಯೋದ ಗೆರೆಯ ಸಣ್ಣ ಏರಿಳಿತಕ್ಕೆ ಅರ್ಥ ಹುಡುಕಬೇಡಿ. ಕೊನೆಯ ಐದು ವಿಡಿಯೋಗಳ 30 ಸೆಕೆಂಡಿನ ನಂಬರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಐದೂ 40ರ ಆಸುಪಾಸು ಇದ್ದರೆ ಅದು ನಿಮ್ಮ ಶುರುವಿನ ಅಭ್ಯಾಸದ್ದು. ಒಂದು ಮಾತ್ರ 60 ಇದ್ದರೆ ಅದರ ಮೊದಲ ನಾಲ್ಕು ಸಾಲನ್ನು ಉಳಿದ ನಾಲ್ಕರ ಪಕ್ಕ ಇಟ್ಟು ಓದಿ, ಉತ್ತರ ಅಲ್ಲೇ ಇರುತ್ತದೆ. ರಿಟೆನ್ಷನ್ ಲೆಕ್ಕ ಬರುವುದಕ್ಕೇ ಒಂದೆರಡು ದಿನ ಬೇಕು. ಹಾಕಿದ ರಾತ್ರಿಯೇ ನೋಡಿ ಕೂರಬೇಡಿ, ವಾರ ಬಿಡಿ.

ಆಮೇಲೆ ಪ್ರತಿ ಸ್ಕ್ರಿಪ್ಟಿನಲ್ಲೂ ಶೀರ್ಷಿಕೆಯಲ್ಲಿ ಹೇಳಿದ ವಸ್ತು ಮೊದಲ ಸಲ ಕಣ್ಣಿಗೆ ಬೀಳುವ ಸೆಕೆಂಡಿಗೆ ಗುರುತು ಹಾಕಿ. ‘ಅಕ್ಕಿ ರೊಟ್ಟಿ ಒಡೆಯದ ಹಾಗೆ’ ಅಂತ ಶೀರ್ಷಿಕೆ ಇದ್ದರೆ, ಒಡೆದ ರೊಟ್ಟಿಯೋ ಒಡೆಯದ ರೊಟ್ಟಿಯೋ ಎಷ್ಟನೇ ಸೆಕೆಂಡಿಗೆ ಕಾಣುತ್ತದೆ? ನಲವತ್ತನೇ ಸೆಕೆಂಡ್ ಆಗಿದ್ದರೆ ಅದನ್ನು ಐದನೇ ಸೆಕೆಂಡಿಗೆ ತನ್ನಿ. ಈ ಸಲ ಅದೊಂದನ್ನೇ ಬದಲಾಯಿಸಿ. ಉದ್ದ, ಮ್ಯೂಸಿಕ್, ಶೀರ್ಷಿಕೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ನಂಬರ್ ಏರಿದರೂ ಯಾವುದರಿಂದ ಏರಿತು ಅಂತ ಹೇಳಕ್ಕಾಗಲ್ಲ. ಮೂರು ವಿಡಿಯೋ ಹಾಗೆ ಮಾಡಿ, ಆ ಮೂರರ 30 ಸೆಕೆಂಡಿನ ನಂಬರನ್ನು ಇಲ್ಲೇ ಕಾಮೆಂಟಿನಲ್ಲಿ ಹಾಕಿ, ನೋಡೋಣ.