ಹುಡುಗ ಮಾತಾಡುತ್ತಾನೆ, ಯೋಚಿಸುವುದೇ ಇಲ್ಲ

"ಸರ್, ಆನಿಮೇಶನ್ ಕಲಿಯುವವರಿಗೆ ಅಂತ ಒಂದು ಲೇಖನ ಬರೆದಿದ್ದೇನೆ. ಮಾತಿಗೆ ತುಟಿ ಹೊಂದಿಸುವುದರ ಜೊತೆಗೆ, ಪಾತ್ರ ಯೋಚಿಸುತ್ತಿದೆ ಅಂತ ತೋರಿಸುವುದು ಹೇಗೆ ಅನ್ನುವುದೂ ಇದೆ. ಉಡುಪಿಯ ಹುಡುಗ ಅಮ್ಮನಿಗೆ ಸುಳ್ಳು ಹೇಳುವ ದೃಶ್ಯ ಉದಾಹರಣೆಗೆ ತಗೊಂಡಿದ್ದೇನೆ. ಮುಲಾಜಿಲ್ಲದೆ ಹೇಳಿ."

ತುಟಿಯ ಭಾಗ ಚೆನ್ನಾಗಿದೆ, ಹಾಗೇ ಹಾಕುತ್ತೇವೆ. ಆದರೆ ನಾಲ್ಕನೇ ಪುಟ ಓದಿ ಸಿಟ್ಟು ಬಂತು ಮಾರಾಯ್ರೇ.

"ಪಾತ್ರ ಜೀವಂತ ಕಾಣಲು ಎರಡು ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸಿ" ಅಂತ ಬರೆದಿದ್ದೀರಿ. ಹಾಗೆ ಮಾಡಿದರೆ ಅದು ಬೈಕಿನ ಇಂಡಿಕೇಟರ್ ಆಗುತ್ತದೆ. ಮಾತಾಡುವಾಗ ರೆಪ್ಪೆ ಬಡಿಯುವುದು ಗಡಿಯಾರ ನೋಡಿಕೊಂಡು ಅಲ್ಲ, ಒಂದು ಯೋಚನೆ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ. ನಿಮ್ಮದೇ ದೃಶ್ಯ ನೋಡಿ. ಅಮ್ಮ ಕೇಳುತ್ತಾಳೆ, "ಬಂಗುಡೆ ಎಲ್ಲಿ ಮಗಾ?" ಹುಡುಗ ಹೇಳುತ್ತಾನೆ, "ಅದು... ಮಲ್ಪೆಗೆ ಇವತ್ತು ಬೋಟೇ ಬರ್ಲಿಲ್ಲ ಅಮ್ಮ." (ಜೂನ್, ಜುಲೈಯ ಮೀನುಗಾರಿಕೆ ನಿಷೇಧದಲ್ಲಾದರೆ ನಂಬಬಹುದಿತ್ತು.) ಇಲ್ಲಿ ಅವನ ತಲೆಯಲ್ಲಿ ಮೂರು ಸಂಗತಿ ನಡೆಯುತ್ತವೆ: ಸಿಕ್ಕಿಬಿದ್ದೆ, ಏನಾದರೂ ಹೇಳಬೇಕು, ಹಾಂ ಸಿಕ್ಕಿತು. ಮೂರರ ನಡುವೆ ಎರಡು ಸಂದು. ಒಂದು "ಅದು" ಅನ್ನುವ ಮೊದಲು, ಇನ್ನೊಂದು "ಅದು" ಆದ ಮೇಲೆ. ರೆಪ್ಪೆ ಅಲ್ಲಿ ಬಡಿಯಲಿ, ಸಾಕು. ಸುಳ್ಳು ಹೇಳುತ್ತಿರುವಷ್ಟು ಹೊತ್ತು ಬೇಡವೇ ಬೇಡ, ಯಾಕೆಂದರೆ ಅಮ್ಮ ನಂಬಿದಳಾ ಅಂತ ಅವನು ನೋಡುತ್ತಲೇ ಇರಬೇಕು. ನೀವು ಸರಿಯಾಗಿ "ಬೋಟೇ" ಅನ್ನುವ ಪದದ ಮೇಲೆ ಮಿಟುಕಿಸಿದ್ದೀರಿ. ಆ ಒಂದು ರೆಪ್ಪೆಯಿಂದ ಸುಳ್ಳು ಹೇಳುವ ಹುಡುಗ ಹೋಗಿ ಪಾಠ ಒಪ್ಪಿಸುವ ಹುಡುಗ ಬಂದ.

"ಮೂರು ಫ್ರೇಮ್ ಮುಚ್ಚಲು, ಮೂರು ತೆರೆಯಲು" ಅನ್ನುವುದೂ ಸರಿಯಿಲ್ಲ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಎರಡರಲ್ಲಿ ಮುಚ್ಚಲಿ, ಒಂದೆರಡು ಮುಚ್ಚಿರಲಿ, ಮೂರು ನಾಲ್ಕರಲ್ಲಿ ತೆರೆಯಲಿ. ರೆಪ್ಪೆ ಬೀಳುವುದು ಬೇಗ, ಏಳುವುದು ನಿಧಾನ. ಸಮ ಮಾಡಿದರೆ ಯಂತ್ರದ ಹಾಗೆ ಕಾಣುತ್ತದೆ, ಪೂರಾ ನಿಧಾನ ಮಾಡಿದರೆ ಹುಡುಗನಿಗೆ ನಿದ್ದೆ ಬಂದಿದೆ ಅನಿಸುತ್ತದೆ.

ಇನ್ನು ಈ ಸಾಲು: "ಅದು ಎನ್ನುತ್ತಲೇ ಹುಬ್ಬು ಎತ್ತಿ ತಲೆ ವಾಲಿಸುತ್ತಾನೆ." ಎಲ್ಲ ಒಟ್ಟಿಗೆ ಹೊರಟರೆ ಯೋಚನೆಗೆ ಜಾಗ ಎಲ್ಲಿ?

ನಾನು ಮಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಕೆಲಸ ಕಲಿತವನು. ಅಲ್ಲಿನ ಹಿರಿಯರೊಬ್ಬರು ನಮ್ಮ ಶಾಟ್ ನೋಡುವಾಗ ಸೌಂಡ್ ಆಫ್ ಮಾಡಿ, ಪಾತ್ರದ ಬಾಯಿಗೆ ಅಡ್ಡವಾಗಿ ಪರದೆಯ ಮೇಲೆ ಒಂದು ಪೋಸ್ಟ್ ಕಾರ್ಡ್ ಹಿಡಿಯುತ್ತಿದ್ದರು. "ಈಗ ಹೇಳು, ಇವನ ತಲೆಯಲ್ಲಿ ಏನಿದೆ?" ಗೊತ್ತಾಗದಿದ್ದರೆ ಶಾಟ್ ವಾಪಸ್. ರಾತ್ರಿ ತಾಳಮದ್ದಲೆಗೆ ಕರಕೊಂಡು ಹೋಗುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಕೂತಲ್ಲೇ ಮಾತಾಡುತ್ತಾನೆ. ಅವರು ನನಗೆ ತೋರಿಸುತ್ತಿದ್ದದ್ದು ಮಾತಾಡುವವನನ್ನಲ್ಲ, ಉತ್ತರ ಕೊಡಲು ಕಾಯುತ್ತಿರುವ ಎದುರಿನವನನ್ನು. ಬಾಯಿ ತೆರೆಯುವ ಮೊದಲೇ ಅವನ ಹುಬ್ಬಿನಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು.

ಹಾಗಾಗಿ ಕ್ರಮ ಇದು: ಮೊದಲು ಕಣ್ಣು, ಆಮೇಲೆ ಹುಬ್ಬು, ಆಮೇಲೆ ತಲೆ, ಕೊನೆಗೆ ಮಾತು. ಅಮ್ಮನ ಪ್ರಶ್ನೆ ಮುಗಿದ ಮೇಲೆ ಐದಾರು ಫ್ರೇಮ್ ಹುಡುಗ ಸುಮ್ನೆ ಇರಲಿ. ಏಳನೇ ಫ್ರೇಮಿನಲ್ಲಿ ಕಣ್ಣು ಪಕ್ಕಕ್ಕೆ, ಸ್ವಲ್ಪ ಕೆಳಗೆ ಹಾರಲಿ. ಹಾರಲು ಎರಡು ಫ್ರೇಮ್ ಸಾಕು, ಮೊದಲ ರೆಪ್ಪೆ ಅದರ ಜೊತೆಗೇ ಬೀಳಲಿ. ಒಂಬತ್ತರಲ್ಲಿ ಹುಬ್ಬು ಹೊರಡಲಿ, ಹನ್ನೊಂದರಲ್ಲಿ ತಲೆ, ಹದಿನಾರರ ಹೊತ್ತಿಗೆ "ಅದು".

ಹುಬ್ಬಿನ ಆಕಾರ? ಎರಡನ್ನೂ ಒಂದೇ ಸಮ ಮೇಲೆತ್ತಿದರೆ ಅದು ಆಶ್ಚರ್ಯ. ಹುಡುಕುವವನ ಹುಬ್ಬು ಕೆಳಗಿಳಿದು ಮೂಗಿನ ಕಡೆ ಸರಿಯುತ್ತದೆ, ಒಂದು ಇನ್ನೊಂದಕ್ಕಿಂತ ಚೂರು ಜಾಸ್ತಿ. ಮೇಲಿನ ರೆಪ್ಪೆಯೂ ಅದರೊಂದಿಗೆ ತಗ್ಗಬೇಕು, ಇಲ್ಲದಿದ್ದರೆ ಹುಬ್ಬು ಅಂಟಿಸಿದ ಹಾಗಿರುತ್ತದೆ. ಸುಳ್ಳು ಸಿಕ್ಕಿದ ಕೂಡಲೇ ಹುಬ್ಬಿನ ಒಳತುದಿಗಳು ಮೇಲೇಳಲಿ: ಪಾಪದವನ ಮುಖ. ಈ ಬದಲಾವಣೆ ತಲೆ ತಿರುಗುವ ಮುಂಚೆ ಆಗಿಬಿಡಬೇಕು. ತಲೆ ಸರ್ರನೆ ತಿರುಗುತ್ತಿರುವಾಗ ಮುಖ ಬದಲಾದರೆ ನೋಡುವವನಿಗೆ ಅದು ಕಾಣುವುದೇ ಇಲ್ಲ.

ತಲೆ ವಾಲುವುದಕ್ಕೂ ಕಾರಣ ಬೇಕು. ಹುಡುಕುವಾಗ ಅಮ್ಮನಿಂದ ಆಚೆಗೆ, ಸುಳ್ಳು ಹೇಳುವಾಗ ಅವಳ ಕಡೆಗೆ. ಮೂರು ನಾಲ್ಕು ಡಿಗ್ರಿ ಸಾಕು, ನೀವು ಬರೆದ ಹದಿನೈದು ಡಿಗ್ರಿ ಕಂಡರೆ ಅಮ್ಮ ಕುತ್ತಿಗೆ ಉಳುಕಿತಾ ಅಂತ ಕೇಳಬೇಕಷ್ಟೆ.

ಇವು ಕಲ್ಲಿನ ಮೇಲೆ ಕೆತ್ತಿದ ಅಂಕಿಗಳಲ್ಲ, ಧ್ವನಿ ಕೊಟ್ಟವರು ಎಲ್ಲಿ ಉಸಿರು ತಗೊಂಡಿದ್ದಾರೆ ಅನ್ನುವುದರ ಮೇಲೆ ಆಚೀಚೆ ಆಗುತ್ತವೆ. ಆ ಪುಟ ತಿದ್ದಿ ಕಳಿಸಿ. ಜೊತೆಗೆ ಅಮ್ಮನ ಬಗ್ಗೆಯೂ ಒಂದು ಪ್ಯಾರಾ ಬರೆಯಿರಿ. "ಅದು..." ಅನ್ನುವಾಗಲೇ ಅವಳಿಗೆ ಗೊತ್ತಾಗಿರುತ್ತದೆ ಅಲ್ವಾ, ನಿಮ್ಮ ಲೇಖನದಲ್ಲಿ ಮಾತ್ರ ಅವಳ ರೆಪ್ಪೆ ಒಮ್ಮೆಯೂ ಬಡಿದಿಲ್ಲ.